ಎಂಟನೇ ಸಾಲಿನಲ್ಲಿ ಎರರ್ ಯಾಕೆ ಜಾಸ್ತಿ ಆಯ್ತು?

ನಮಸ್ಕಾರ. ಇವತ್ತು ಒಂದು ಜಗಳ ತೆಗೆಯೋಣ ಅಂತ ಬಂದಿದ್ದೇನೆ. ಸಮೀಕರಣದ ಉತ್ತರ ಇರುವ ವ್ಯಾಪ್ತಿಯನ್ನು ಪ್ರತಿ ಸಲ ಮಧ್ಯದಲ್ಲಿ ಸೀಳಿ, ಉತ್ತರ ಇರುವ ಅರ್ಧವನ್ನು ಮಾತ್ರ ಉಳಿಸಿಕೊಳ್ಳುವ ಬೈಸೆಕ್ಷನ್ ವಿಧಾನದಲ್ಲಿ ಪ್ರತಿ ಹೆಜ್ಜೆಗೂ ಎರರ್ ಅರ್ಧ ಆಗುತ್ತೆ ಅಂತ ಎಲ್ಲರೂ ಹೇಳ್ತಾರೆ, ಅಲ್ವಾ? ಅದು ಸುಳ್ಳು.

`x^2 - 2 = 0` ತಗೊಳ್ಳಿ. ಉತ್ತರ 1.41421356 ಅಂತ ಗೊತ್ತಿರೋದರಿಂದ ನಿಜವಾದ ಎರರ್ ಅಳೆಯಬಹುದು. 1 ಮತ್ತು 2ರ ನಡುವೆ ಶುರು ಮಾಡಿದರೆ ಮೊದಲ ಮಧ್ಯಬಿಂದು 1.5, ಎರರ್ 0.086. ಮುಂದಿನದು 1.25, ಎರರ್ 0.164. ಎರಡನೇ ಹೆಜ್ಜೆಗೇ ಹೆಚ್ಚಾಯಿತು! ಏಳನೆಯದು 1.4140625. ಅದೃಷ್ಟಕ್ಕೆ ಉತ್ತರದ ಪಕ್ಕದಲ್ಲೇ ಬಿತ್ತು, ಎರರ್ ಬರೀ 0.00015. ಎಂಟನೆಯದು 1.41796875, ಎರರ್ 0.0038. ಸುಮಾರು 25 ಪಟ್ಟು ಹಿಂದಕ್ಕೆ ಹೋದೆವು.

ತಪ್ಪು ಲೆಕ್ಕ ಅಲ್ಲ. ಅರ್ಧ ಆಗೋದು ಎರರ್ ಅಲ್ಲ, ಎರರ್ ಇದಕ್ಕಿಂತ ಜಾಸ್ತಿ ಇರಲಾರದು ಅನ್ನುವ ಮಿತಿ. ಏಳನೇ ಹೆಜ್ಜೆಗೆ ಆ ಮಿತಿ 1/128, ಎಂಟನೆಯದಕ್ಕೆ 1/256. ಎರಡು ಸಲವೂ ಮಾತು ಉಳಿದಿದೆ. ಹಾಗಾಗಿ ಹೆಜ್ಜೆಗೊಂದು ಸಾಲು ಬರೆಯುವ ಟೇಬಲ್‌ನಲ್ಲಿ ಮಿತಿಯನ್ನು ಬರೆದು, ಮೇಲೆ ಸುಮ್ನೆ "ಎರರ್" ಅಂತ ಹೆಸರು ಹಾಕೋದು ನನಗೆ ಸರಿ ಕಾಣಲ್ಲ.

ಈಗ ಸೀಕೆಂಟ್ ವಿಧಾನ. ಅದೇ 1 ಮತ್ತು 2. ಎರಡು ಬಿಂದುಗಳ ಮೂಲಕ ಗೆರೆ ಎಳೆದು, ಅದು ಅಕ್ಷವನ್ನು ಕಡಿಯುವ ಜಾಗ ಹಿಡಿಯುತ್ತೇವೆ. ಸಿಗೋದು 1.3333, 1.4, 1.414634, 1.414211. ಎರರ್‌ಗಳು 0.081, 0.014, 0.00042, 0.0000021. ಐದನೆಯದಕ್ಕೆ ಹತ್ತನೇ ದಶಮಾಂಶದ ಹತ್ತಿರ ಹೋಗುತ್ತೆ. ಹತ್ತು ಲಕ್ಷದಲ್ಲಿ ಒಂದು ಅನ್ನುವಷ್ಟು ನಿಖರತೆಯ ಖಾತ್ರಿ ಬೇಕಂದ್ರೆ ಬೈಸೆಕ್ಷನ್‌ಗೆ 20 ಹೆಜ್ಜೆ ಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಉತ್ತರ ಗೊತ್ತಿಲ್ಲದಾಗ ನಾವು ಕೊನೆಯ ಎರಡು ಅಂದಾಜುಗಳ ಅಂತರ ನೋಡ್ತೇವೆ. ಸೀಕೆಂಟ್‌ನಲ್ಲಿ 1.414634 ಮತ್ತು 1.414211ರ ಅಂತರ 0.00042. ಎಲ್ಲೋ ನೋಡಿದ ಹಾಗಿದೆಯಲ್ಲ? ಅದು *ಹಿಂದಿನ* ಅಂದಾಜಿನ ಎರರ್. ಈಗ ಕೈಯಲ್ಲಿರುವುದು ಅದಕ್ಕಿಂತ ಎಷ್ಟೋ ಚೆನ್ನಾಗಿದೆ. ಬೈಸೆಕ್ಷನ್‌ನಲ್ಲಿ ಅದೇ ಅಂತರ ಈಗಿನ ಅಂದಾಜಿನ ಮಿತಿ. ಅಂದ್ರೆ ಎರಡೂ ಟೇಬಲ್‌ನಲ್ಲಿ ಒಂದೇ ಕಾಲಂ, ಅರ್ಥ ಮಾತ್ರ ಬೇರೆ.

ಹಾಗಂತ ಸೀಕೆಂಟ್ ಅನ್ನು ಕಣ್ಣು ಮುಚ್ಚಿ ನಂಬಬೇಡಿ. ಅದು ಉತ್ತರವನ್ನು ಎರಡು ಕಡೆಯಿಂದ ಕಟ್ಟಿಹಾಕಿ ಇಟ್ಟುಕೊಳ್ಳಲ್ಲ. -1 ಮತ್ತು 1ರಿಂದ ಶುರು ಮಾಡಿ ನೋಡಿ. ಎರಡೂ ಕಡೆ `x^2 - 2`ರ ಬೆಲೆ -1. ಗೆರೆ ಅಡ್ಡಡ್ಡ ಮಲಗುತ್ತೆ, ಸೂತ್ರದ ಛೇದ ಸೊನ್ನೆ. ಪೂರ್ತಿ ಸೊನ್ನೆ ಆದರೆ ಪ್ರೋಗ್ರಾಂ ಅಲ್ಲೇ ಕೂಗುತ್ತೆ. ಸೊನ್ನೆಯ ಹತ್ತಿರ ಇದ್ದರೆ ಸದ್ದಿಲ್ಲದೆ ಮುಂದಿನ ಬಿಂದುವನ್ನು ಎಲ್ಲೋ ದೂರ ಎಸೆಯುತ್ತೆ. ಅಂತರದ ಕಾಲಂ ಇದ್ದಕ್ಕಿದ್ದಂತೆ ಉಬ್ಬಿದರೆ, ಅಲ್ಲೇ ನಿಲ್ಲಿಸಿ, ಉತ್ತರದ ಎರಡೂ ಪಕ್ಕ ಇರುವ ಬಿಂದುಗಳನ್ನು ಹಿಡಿದು ಎರಡು ಹೆಜ್ಜೆ ಬೈಸೆಕ್ಷನ್ ಮಾಡಿ, ಆಮೇಲೆ ಮತ್ತೆ ಗೆರೆ ಎಳೆಯಿರಿ.