ತಾತನ ಗುಟ್ಟು ಪೋಸ್ಟರ್‌ನಲ್ಲಿ ಬೇಡ

ಕೇಳುಗರಿಗೆ ನಮಸ್ಕಾರ.

ಸಿನಿಮಾ ಪೋಸ್ಟರ್‌ನಲ್ಲಿ ಹೆಸರಿನ ಪಕ್ಕದಲ್ಲೋ ಕೆಳಗೋ ಒಂದು ಪುಟ್ಟ ಸಾಲು ಇರುತ್ತಲ್ಲ, ಟ್ಯಾಗ್‌ಲೈನ್, ಅಡಿಬರಹ ಅಂತೀವಿ. ಮನೆಮಂದಿಯೆಲ್ಲ ಕೂತು ನೋಡುವ ಹಾಸ್ಯ ಚಿತ್ರಕ್ಕೆ, ಕಥೆ ಬಿಟ್ಟುಕೊಡದೆ ಆ ಸಾಲು ಬರೆಯುವುದು ಹೇಗೆ ಅನ್ನೋದು ಇವತ್ತಿನ ಮಾತು.

ಇದಕ್ಕಾಗಿ ಒಂದು ಕಥೆ ಕಟ್ಟಿಕೊಳ್ಳೋಣ. ಒಂದು ದೊಡ್ಡ ಮನೆ. ತಾತನಿಗೆ ಕಿವಿ ಕೇಳಿಸುವುದಿಲ್ಲ. ಹಾಗಾಗಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ತಮ್ಮ ತಮ್ಮ ಗುಟ್ಟನ್ನು ಅವರ ಎದುರಿಗೇ ಮಾತಾಡುತ್ತಾರೆ. ಎರಡು ಗಂಟೆಯ ಚಿತ್ರ. 60ನೇ ನಿಮಿಷದಲ್ಲಿ, ಇಂಟರ್ವಲ್ ಹೊತ್ತಿಗೆ, ನಮಗೊಂದು ವಿಷಯ ಗೊತ್ತಾಗುತ್ತೆ. ತಾತ ಯಾವತ್ತೋ ಗುಟ್ಟಾಗಿ ಕಿವಿಗೆ ಮೆಷಿನ್ ಹಾಕಿಸಿಕೊಂಡಿದ್ದಾರೆ. ಅಷ್ಟು ಹೊತ್ತು ಎಲ್ಲವನ್ನೂ ಕೇಳಿಸಿಕೊಂಡೇ ಕೂತಿದ್ದಾರೆ!

ಇಂಥ ಚಿತ್ರಕ್ಕೆ ಮೊದಲು ಹೊಳೆಯುವ ಸಾಲು ಯಾವುದು? 'ತಾತನಿಗೆ ಕಿವಿ ಕೇಳಿಸಲ್ಲ. ಹಾಗಂತ ಎಲ್ಲರೂ ಅಂದ್ಕೊಂಡಿದ್ದಾರೆ.' ಓದಿದ ತಕ್ಷಣ ನಗು ಬರುತ್ತೆ. ಆದರೆ ಇಂಟರ್ವಲ್‌ನ ಬೆರಗು ಅಲ್ಲಿಗೆ ಮುಗಿಯಿತು. ಮೊದಲ ಒಂದು ಗಂಟೆ ಪ್ರೇಕ್ಷಕರು ತಾತನ ಮುಖವನ್ನೇ ಅನುಮಾನದಿಂದ ನೋಡುತ್ತಾ ಕೂರುತ್ತಾರೆ.

ಈಗ ಕಥೆ ಸ್ವಲ್ಪ ಬದಲಾಯಿಸಿ. ಮೆಷಿನ್ ವಿಷಯ 5ನೇ ನಿಮಿಷಕ್ಕೇ ನಮಗೆ ಗೊತ್ತು, ಮನೆಯವರಿಗೆ ಮಾತ್ರ ಗೊತ್ತಿಲ್ಲ ಅಂದುಕೊಳ್ಳಿ. ಆಗ ಅದೇ ಸಾಲು ಏನನ್ನೂ ಹಾಳು ಮಾಡಲ್ಲ. ಯಾರ ಗುಟ್ಟು ಯಾವಾಗ ಹೊರಗೆ ಬರುತ್ತೆ ಅನ್ನೋದೇ ಅಲ್ಲಿ ತಮಾಷೆ. ಹಾಗಾಗಿ ಒಂದು ಸಾಲು ಕಥೆ ಕೆಡಿಸುತ್ತಾ ಇಲ್ವಾ ಅಂತ ಸಾಲನ್ನು ಮಾತ್ರ ನೋಡಿ ಹೇಳೋಕಾಗಲ್ಲ. ಅದರಲ್ಲಿರುವ ವಿಷಯ ಪ್ರೇಕ್ಷಕರಿಗೆ ಎಷ್ಟನೇ ನಿಮಿಷದಲ್ಲಿ ತಿಳಿಯುತ್ತೆ ಅಂತ ನೋಡಬೇಕು. ಎರಡು ಗಂಟೆಯ ಚಿತ್ರದಲ್ಲಿ ಮೊದಲ ಇಪ್ಪತ್ತು ನಿಮಿಷದೊಳಗೆ ತಿಳಿಯುವುದನ್ನು ನಾನು ಧೈರ್ಯವಾಗಿ ಬಳಸುತ್ತೇನೆ. ಅದರಾಚೆಯದನ್ನು ಮುಟ್ಟುವುದಿಲ್ಲ.

ನಮ್ಮ ಮೊದಲಿನ ಕಥೆಗೇ ಬರೋಣ. ಗುಟ್ಟು ಬಿಡಬಾರದು ಅಂತ ಹೆದರಿ ಕೆಲವರು 'ನಗುವಿನ ಮನೆ, ಪ್ರೀತಿಯ ಅರಮನೆ' ಅಂತ ಬರೆದುಬಿಡುತ್ತಾರೆ. ಅಪಾಯವೇನೂ ಇಲ್ಲ, ಆದರೆ ಅದನ್ನು ಯಾವ ಚಿತ್ರಕ್ಕೆ ಬೇಕಾದರೂ ಅಂಟಿಸಬಹುದು. ಇನ್ನು ಕೆಲವರು ಪ್ರಶ್ನೆ ಕೇಳುತ್ತಾರೆ: 'ತಾತನಿಗೆ ನಿಜವಾಗಿಯೂ ಕೇಳಿಸಲ್ವಾ?' ಇದು ಇನ್ನೂ ಕೆಟ್ಟದ್ದು. 'ನಿಜವಾಗಿಯೂ' ಅಂದಮೇಲೆ ಉತ್ತರ ಹೇಳಿದ ಹಾಗೇ ಅಲ್ವಾ?

ನನಗೆ ದಾರಿ ಸಿಗುವುದು ಸಾಲನ್ನು ಮನೆಯವರ ಬಾಯಿಗೆ ಕೊಟ್ಟಾಗ. ಕಥೆ ಪೂರ್ತಿ ಗೊತ್ತಿರುವ ನಾನು ಬರೆದರೆ ಗುಟ್ಟು ಹೇಗೋ ನುಸುಳಿಬಿಡುತ್ತೆ. ಮನೆಯವರಿಗೆ ಮೊದಲ ಇಪ್ಪತ್ತು ನಿಮಿಷದಲ್ಲಿ ಗೊತ್ತಿರುವುದು ಒಂದೇ, ತಾತನಿಗೆ ಕೇಳಿಸಲ್ಲ ಅನ್ನೋದು. ಅವರು ಹೊಸಬರಿಗೆ ಏನು ಹೇಳಬಹುದು?

'ಗೋಡೆಗೂ ಕಿವಿ ಇದೆ. ತಾತನ ಮುಂದೆ ಮಾತಾಡಿ.'

ಆರು ಪದ. ನಡೆದು ಹೋಗುವವರು ಒಂದೇ ನೋಟಕ್ಕೆ ಓದಬಹುದು. ಇಂಥ ಮನೆಯಲ್ಲಿ ಗುಟ್ಟುಗಳಿವೆ, ತಾತನನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ ಅಂತ ಗೊತ್ತಾಗುತ್ತೆ. ಇದರಲ್ಲಿ ಸುಳ್ಳೂ ಇಲ್ಲ, ಮನೆಯವರು ನಂಬಿರುವುದೇ ಹಾಗೆ. ಚಿತ್ರ ನೋಡಿ ಹೊರಗೆ ಬಂದವರು ಅದೇ ಸಾಲನ್ನು ಮತ್ತೆ ಓದಿದರೆ ಇನ್ನೊಂದು ನಗು ಕಾದಿರುತ್ತೆ. ಅಂಥ ಎರಡನೇ ನಗು ಇರುವ ಸಾಲೆಂದರೆ ನನಗೆ ಬಹಳ ಇಷ್ಟ.

ಇಷ್ಟಾದ ಮೇಲೂ ಫೋಟೋ ಎಲ್ಲವನ್ನೂ ಕೆಡಿಸಬಹುದು. ಪೋಸ್ಟರ್ ಮಾಡುವವರು ತಾತನ ತುಟಿಯಲ್ಲಿ ಒಂದು ಕಳ್ಳನಗು ಇಟ್ಟರೆ ಮುಗಿಯಿತು, ಅಷ್ಟು ಜೋಪಾನವಾಗಿ ಬರೆದ ಸಾಲು ಸುಮ್ನೆ ದಂಡ. ತಾತ ಪೇಪರ್ ಓದುತ್ತಾ ಇರಲಿ. ಅವರ ಎರಡೂ ಪಕ್ಕ ಕೂತವರು ಕೈ ಬೀಸಿಕೊಂಡು ಮಾತಾಡುತ್ತಿರಲಿ, ಸಾಕು.

ಅಚ್ಚಿಗೆ ಹೋಗುವ ಮುಂಚೆ, ಚಿತ್ರದ ಬಗ್ಗೆ ಏನೂ ಗೊತ್ತಿಲ್ಲದ ಐದಾರು ಜನಕ್ಕೆ ಪೋಸ್ಟರ್ ತೋರಿಸಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಹೂಂ ಅಂದುಬಿಡುತ್ತಾರೆ. 'ಈ ಮನೆಯಲ್ಲಿ ಮುಂದೆ ಏನಾಗಬಹುದು?' ಅಂತ ಕೇಳಿ. 'ಯಾರದೋ ಗುಟ್ಟು ಬಯಲಾಗಿ ಫಜೀತಿ ಆಗುತ್ತೆ' ಅಂದರೆ ಸರಿಯಾಗಿದೆ. ಒಬ್ಬರು 'ತಾತನಿಗೆ ಕೇಳಿಸುತ್ತೆ' ಅಂತ ಊಹಿಸಿದರೂ ಚಿಂತೆಯಿಲ್ಲ, ಚುರುಕಾದವರು ಎಲ್ಲ ಕಡೆ ಇರುತ್ತಾರೆ. ಮೂರು ನಾಲ್ಕು ಜನ ಹಾಗೇ ಅಂದರೆ, 'ಯಾವುದನ್ನು ನೋಡಿ ಹಾಗನ್ನಿಸ್ತು?' ಅಂತ ಕೇಳಿ, ಬೆರಳಿಟ್ಟು ತೋರಿಸೋಕೆ ಹೇಳಿ. ಬೆರಳು ತಾತನ ಕಣ್ಣಿನ ಮೇಲೆ ಹೋದರೆ ಫೋಟೋ ಬದಲಾಯಿಸಿ. ಸಾಲಿನ ಮೇಲೆ ಹೋದರೆ, ಎಷ್ಟೇ ಇಷ್ಟವಾಗಿದ್ದರೂ ಅದನ್ನು ಬಿಟ್ಟು ಬೇರೆ ಬರೆಯಿರಿ.

ನಮಸ್ಕಾರ.