ಯಂತ್ರ ತಳ್ಳುತ್ತದೆಯೋ, ಅದಲುಬದಲು ಮಾಡುತ್ತದೆಯೋ?

ಕೇಳುಗರಿಗೆ ನಮಸ್ಕಾರ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು ಒಂದು ಹಾಳೆ, ಒಂದು ಪೆನ್ನು ಹತ್ತಿರ ಇಟ್ಟುಕೊಳ್ಳಿ. ಇವತ್ತಿನ ವಿಷಯ ಇನ್‌ಪುಟ್-ಔಟ್‌ಪುಟ್ ಯಂತ್ರದ ಪ್ರಶ್ನೆಗಳು. ಇದು ಸುಮ್ನೆ ಕೇಳಿ ಬಿಡುವ ವಿಷಯವಲ್ಲ, ಬರೆದು ನೋಡಬೇಕು.

ಪ್ರಶ್ನೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಕೆಲವು ಪದಗಳು, ಕೆಲವು ಸಂಖ್ಯೆಗಳು ಒಂದು ಸಾಲಿನಲ್ಲಿ ಕಲಸಿ ನಿಂತಿರುತ್ತವೆ. ಯಂತ್ರ ಅವನ್ನು ಒಂದೊಂದೇ ಹಂತದಲ್ಲಿ ಜೋಡಿಸುತ್ತಾ ಹೋಗುತ್ತದೆ. ನಿಯಮ ಏನು ಅಂತ ಹೇಳುವುದಿಲ್ಲ. ಒಂದು ಉದಾಹರಣೆಯ ಎಲ್ಲ ಹಂತಗಳನ್ನೂ ತೋರಿಸಿ, ಬೇರೊಂದು ಇನ್‌ಪುಟ್ ಕೊಟ್ಟು, ಇದಕ್ಕೂ ಅದೇ ನಿಯಮ ಹಚ್ಚಿ ಅನ್ನುತ್ತಾರೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಮೊದಲು ಕೊನೆಯ ಹಂತ ನೋಡಿ, ಆಮೇಲೆ ಮೊದಲ ಹಂತ ನೋಡಿ. ಕೊನೆಯ ಹಂತ ಯಂತ್ರ ಎಲ್ಲಿಗೆ ಹೋಗುತ್ತಿದೆ ಅಂತ ಹೇಳುತ್ತದೆ. ಮೊದಲ ಹಂತ ಹೇಗೆ ಹೋಗುತ್ತಿದೆ ಅಂತ ಹೇಳುತ್ತದೆ. ಎರಡೂ ಬೇಕು.

ನಮ್ಮ ತರಗತಿಗೆ ಒಬ್ಬ ಹುಡುಗಿ ಬರುತ್ತಿದ್ದಳು. ತುಂಬಾ ಚುರುಕು. ನಿಯಮ ಹಿಡಿಯುವುದರಲ್ಲಿ ಎಲ್ಲರಿಗಿಂತ ಮುಂದೆ. ಆದರೂ ಈ ಪ್ರಶ್ನೆಗಳಲ್ಲಿ ಅಂಕ ಮಾತ್ರ ಬರುತ್ತಿರಲಿಲ್ಲ. ಒಂದು ದಿನ ಪುಸ್ತಕ ಹಿಡಿದುಕೊಂಡು ಬಂದು, "ಮೇಡಂ, ನನ್ನ ಕೊನೆಯ ಸಾಲು ಸರಿ ಇದೆ, ಹಂತಗಳ ಲೆಕ್ಕವೂ ಸರಿ ಇದೆ. ಉತ್ತರ ಮಾತ್ರ ತಪ್ಪು ಅಂತಿದೆ. ಪುಸ್ತಕದಲ್ಲೇ ತಪ್ಪಿರಬೇಕು" ಅಂದಳು. ಪುಸ್ತಕ ಸರಿಯಾಗೇ ಇತ್ತು. ಅಂಥದ್ದೇ ಒಂದು ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಇನ್‌ಪುಟ್ ಇದು:

ಮಳೆ, 38, ಕಮಲ, 15, ನದಿ, 62.

ಕೊನೆಯ ಹಂತ ಇದು:

ಕಮಲ, 62, ನದಿ, 38, ಮಳೆ, 15.

ಕೊನೆಯ ಸಾಲು ನೋಡಿದ ಕೂಡಲೇ ಗೊತ್ತಾಗುತ್ತದೆ, ಅಲ್ವಾ? ಒಂದು ಪದ, ಒಂದು ಸಂಖ್ಯೆ, ಹೀಗೆ ಸರದಿ. ಪದಗಳು ಅಕ್ಷರಮಾಲೆಯ ಕ್ರಮದಲ್ಲಿವೆ: ಕ, ನ, ಮ. ಸಂಖ್ಯೆಗಳು ದೊಡ್ಡದರಿಂದ ಚಿಕ್ಕದಕ್ಕೆ: 62, 38, 15. ಅವಳಿಗೂ ಇಷ್ಟು ಕ್ಷಣದಲ್ಲಿ ಗೊತ್ತಾಗಿತ್ತು. ಕಮಲ ಮೊದಲ ಜಾಗಕ್ಕೆ ಬರಬೇಕು, ಅಲ್ಲಿ ಮಳೆ ಇದೆ. ಸರಿ, ಎರಡನ್ನೂ ಅದಲುಬದಲು ಮಾಡಿದಳು. ಕಮಲ ಮುಂದೆ ಬಂತು, ಮಳೆ ಕಮಲದ ಜಾಗಕ್ಕೆ, ಅಂದರೆ ಮೂರನೆಯ ಜಾಗಕ್ಕೆ ಹೋಯಿತು. ಅವಳ ಮೊದಲ ಎರಡು ಹಂತಗಳು ಹೀಗಿದ್ದವು:

ಕಮಲ, 38, ಮಳೆ, 15, ನದಿ, 62.
ಕಮಲ, 62, ಮಳೆ, 15, ನದಿ, 38.

ಪುಸ್ತಕದ ಯಂತ್ರ ಹಾಗೆ ಮಾಡಿರಲಿಲ್ಲ. ಅದು ಕಮಲವನ್ನು ಎತ್ತಿ ಮುಂದೆ ತಂದಿತ್ತು, ಕಮಲಕ್ಕಿಂತ ಮುಂದಿದ್ದವು ಒಂದೊಂದು ಜಾಗ ಹಿಂದೆ ಸರಿದಿದ್ದವು. ಸರದಿ ಸಾಲಿನಲ್ಲಿ ಒಬ್ಬರು ಮುಂದೆ ಬಂದು ನಿಂತರೆ ಉಳಿದವರು ಹಿಂದೆ ಸರಿಯುವುದಿಲ್ಲವೇ, ಹಾಗೆ. ಪುಸ್ತಕದ ಹಂತಗಳು ಇವು:

ಕಮಲ, ಮಳೆ, 38, 15, ನದಿ, 62.
ಕಮಲ, 62, ಮಳೆ, 38, 15, ನದಿ.
ಕಮಲ, 62, ನದಿ, ಮಳೆ, 38, 15.
ಕಮಲ, 62, ನದಿ, 38, ಮಳೆ, 15.

ನಾಲ್ಕು ಹಂತ. ಅದಲುಬದಲು ಮಾಡಿದರೂ ನಾಲ್ಕೇ ಹಂತ, ಕೊನೆಯ ಸಾಲೂ ಇದೇ. ಬೇಕಾದರೆ ಆಮೇಲೆ ಮಾಡಿ ನೋಡಿ. ಆದರೆ ಪ್ರಶ್ನೆ ಕೊನೆಯ ಸಾಲಿನ ಬಗ್ಗೆ ಇರಲಿಲ್ಲ. ಎರಡನೆಯ ಹಂತದಲ್ಲಿ ಬಲಗಡೆಯಿಂದ ಮೂರನೆಯದು ಯಾವುದು ಅಂತ ಕೇಳಿದ್ದರು. ತಳ್ಳುವ ಯಂತ್ರದಲ್ಲಿ ಅದು 38. ಅದಲುಬದಲು ಮಾಡುವ ಯಂತ್ರದಲ್ಲಿ 15. ಅವಳು 15 ಅಂತ ಬರೆದಿದ್ದಳು. ಆಯ್ಕೆಗಳಲ್ಲಿ 15 ಕೂಡ ಇತ್ತು. ಪ್ರಶ್ನೆ ತಯಾರಿಸುವವರಿಗೆ ಈ ಎಡವಟ್ಟು ಚೆನ್ನಾಗಿ ಗೊತ್ತು.

ಅವಳು ಕೊನೆಯ ಹಂತ ನೋಡಿದ್ದಳು, ಮೊದಲ ಹಂತ ನೋಡಿರಲಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ: ಕೊನೆಯ ಹಂತ ನೋಡಿ, ಆಮೇಲೆ ಮೊದಲ ಹಂತ ನೋಡಿ.

ಮೊದಲ ಹಂತದಲ್ಲಿ ಏನು ನೋಡಬೇಕು? ಮುಂದೆ ಬಂದದ್ದನ್ನು ನೋಡಬೇಡಿ, ಜಾಗ ಬಿಟ್ಟುಕೊಟ್ಟದ್ದನ್ನು ನೋಡಿ. ಇಲ್ಲಿ ಜಾಗ ಬಿಟ್ಟದ್ದು ಮಳೆ. ಅದು ಪಕ್ಕದ ಜಾಗಕ್ಕೆ ಸರಿದಿದ್ದರೆ ಯಂತ್ರ ತಳ್ಳುತ್ತಿದೆ. ಕಮಲ ಇದ್ದ ಜಾಗಕ್ಕೇ ಹಾರಿದ್ದರೆ ಅದಲುಬದಲು ಮಾಡುತ್ತಿದೆ. ಒಂದು ಎಚ್ಚರಿಕೆ. ಮುಂದೆ ಬಂದ ಪದ ಇನ್‌ಪುಟ್‌ನಲ್ಲಿ ಎರಡನೆಯ ಜಾಗದಲ್ಲೇ ಇದ್ದರೆ ಎರಡೂ ಒಂದೇ ಥರ ಕಾಣುತ್ತವೆ. ಆಗ ಮುಂದಿನ ಹಂತ ನೋಡಿ.

ಯಂತ್ರ ತಳ್ಳುತ್ತದೆ ಅಂತ ಖಚಿತವಾದರೆ ನಿಮ್ಮ ಕೆಲಸ ಅರ್ಧ ಆಯಿತು. ಯಾಕೆಂದರೆ ಇನ್ನೂ ಮುಟ್ಟದೆ ಉಳಿದವು ಇನ್‌ಪುಟ್‌ನಲ್ಲಿದ್ದ ಕ್ರಮದಲ್ಲೇ ಇರುತ್ತವೆ. ಈಗ ಮೂರನೆಯ ಹಂತ ಬೇಕು ಅಂದುಕೊಳ್ಳಿ. ಕೊನೆಯ ಸಾಲಿನ ಮೊದಲ ಮೂರು ಬರೆಯಿರಿ: ಕಮಲ, 62, ನದಿ. ಇನ್‌ಪುಟ್‌ನಲ್ಲಿ ಈ ಮೂರನ್ನು ಹೊಡೆದುಹಾಕಿ. ಉಳಿದದ್ದು ಮಳೆ, 38, 15. ಹಾಗೇ ಮುಂದೆ ಸೇರಿಸಿ. ಮೂರನೆಯ ಹಂತ ಸಿಕ್ಕಿತು. ನಡುವಿನ ಹಂತಗಳನ್ನು ಬರೆಯುವ ಅಗತ್ಯವೇ ಇಲ್ಲ. ಎಲ್ಲ ಹಂತಗಳನ್ನೂ ಬರೆದುಕೊಂಡು ಕೂರುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಸಮಯ ಕಡಿಮೆ ಇದೆ, ಇನ್ನೆರಡು ವಿಷಯ ಬೇಗ ಹೇಳುತ್ತೇನೆ. ಮೊದಲನೆಯದು, ಈಗಾಗಲೇ ತನ್ನ ಜಾಗದಲ್ಲಿ ಇರುವುದಕ್ಕೆ ಯಂತ್ರ ಒಂದು ಹಂತ ಖರ್ಚು ಮಾಡುವುದಿಲ್ಲ. ಇದೇ ನಿಯಮಕ್ಕೆ ಹೊಸ ಇನ್‌ಪುಟ್: ಗಿಡ, 27, ಹೂವು, 81, ಬಳ್ಳಿ, 44. ಗಿಡ ಆಗಲೇ ಮೊದಲ ಜಾಗದಲ್ಲಿದೆ. ಹಾಗಾಗಿ ಮೊದಲ ಹಂತದಲ್ಲೇ 81 ಎರಡನೆಯ ಜಾಗಕ್ಕೆ ಬರುತ್ತದೆ. ಅಂದರೆ ಒಂದನೆಯ ಹಂತ ಮುಗಿದಾಗ ಎರಡು ಜಾಗ ಭರ್ತಿ, ಎರಡನೆಯ ಹಂತ ಮುಗಿದಾಗ ಮೂರು. ಎರಡನೆಯ ಹಂತ ಗಿಡ, 81, ಬಳ್ಳಿ, ಆಮೇಲೆ ಉಳಿದವು ಇನ್‌ಪುಟ್ ಕ್ರಮದಲ್ಲಿ 27, ಹೂವು, 44. ಹಂತದ ಸಂಖ್ಯೆಯನ್ನೂ ಭರ್ತಿಯಾದ ಜಾಗಗಳ ಸಂಖ್ಯೆಯನ್ನೂ ಒಂದೇ ಅಂದುಕೊಂಡರೆ ಇಲ್ಲಿ ಉತ್ತರ ಜಾರುತ್ತದೆ.

ಎರಡನೆಯದು, ಹಿಂದಕ್ಕೆ ಹೋಗುವ ಪ್ರಶ್ನೆ. ಒಂದು ಹಂತ ಕೊಟ್ಟು ಇನ್‌ಪುಟ್ ಏನಿತ್ತು ಅಂತ ಕೇಳುತ್ತಾರೆ. ತಳ್ಳುವ ಯಂತ್ರದಲ್ಲಿ ಇದನ್ನು ಹೇಳಲು ಆಗುವುದಿಲ್ಲ. ನಮ್ಮ ಲೆಕ್ಕದ ಮೊದಲ ಹಂತವನ್ನೇ ತೆಗೆದುಕೊಳ್ಳಿ. ಕಮಲ ಮುಂದೆ ಬಂದಿದೆ, ಸರಿ. ಎಲ್ಲಿಂದ ಬಂತು? ಎರಡನೆಯ ಜಾಗದಿಂದ ಬಂದಿರಬಹುದು, ಆರನೆಯ ಜಾಗದಿಂದಲೂ ಬಂದಿರಬಹುದು. ಐದು ಬೇರೆ ಬೇರೆ ಇನ್‌ಪುಟ್‌ಗಳು ಇದೇ ಸಾಲನ್ನು ಕೊಡುತ್ತವೆ. ಹಾಗಾಗಿ 'ನಿರ್ಧರಿಸಲು ಸಾಧ್ಯವಿಲ್ಲ' ಅನ್ನುವ ಆಯ್ಕೆಯೇ ಸರಿ ಉತ್ತರ. ಅದನ್ನು ಧೈರ್ಯವಾಗಿ ಗುರುತಿಸಿ, ಮುಂದಿನ ಪ್ರಶ್ನೆಗೆ ಹೋಗಿ. ನಮಸ್ಕಾರ.