ಮೊದಲು ಕೈಗೆ, ಆಮೇಲೆ ಅಂಕಿಗೆ

ಕೇಳುಗರಿಗೆ ನಮಸ್ಕಾರ. ಮುಂಬಯಿಯ ಕನ್ನಡ ಶಾಲೆಗಳ ಶಿಕ್ಷಕರಿಗೂ, ಸಂಜೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಮ್‌ವರ್ಕ್ ಮಾಡಿಸುವ ತಾಯಂದಿರಿಗೂ ಇವತ್ತು ಒಂದೇ ಮಾತು. ಹೊಸ ಪಾಠ ಮೊದಲು ಮಗುವಿನ ಕೈಗೆ ಸಿಗಬೇಕು, ಆಮೇಲೆ ಚಿತ್ರವಾಗಿ ಕಣ್ಣಿಗೆ, ಕೊನೆಗೆ ಅಂಕಿಯಾಗಿ ಪುಸ್ತಕಕ್ಕೆ. ಅಮೆರಿಕದ ಮನಃಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಇವನ್ನು ಕ್ರಿಯಾರೂಪ, ಚಿತ್ರರೂಪ, ಸಂಕೇತರೂಪ ಎಂದು ವಿಂಗಡಿಸಿದರು. ಹೆಸರು ಮರೆತರೂ ಅಡ್ಡಿಯಿಲ್ಲ, ಮೊದಲು ಕೈಗೆ ಎಂಬುದನ್ನು ಮರೆಯಬೇಡಿ.

ಧಾರಾವಿ ಕಡೆಯ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು 42ರಲ್ಲಿ 17 ಕಳೆದು 35 ಎಂದು ಬರೆದಿದ್ದಳು. "ಹೇಗೆ ಮಾಡಿದೆ ಮಗಾ?" ಅಂದೆ. "ಎರಡರಲ್ಲಿ ಏಳು ಹೋಗಲ್ಲ ಟೀಚರ್, ಅದಕ್ಕೇ ಏಳರಲ್ಲಿ ಎರಡು ಕಳೆದೆ." ಪಕ್ಕದ ಮನೆಯಿಂದ ಸಾಲ ತರಬೇಕು ಎಂಬ ಪಾಠ ಅವಳಿಗೆ ಬಾಯಿಪಾಠವೇ ಇತ್ತು. ಆದರೆ ತರುವುದು ಏನನ್ನು ಅಂತ ಗೊತ್ತಿರಲಿಲ್ಲ.

ಹಿಡಿಸೂಡಿ ಕಡ್ಡಿಗಳನ್ನು ತುಂಡು ಮಾಡಿ, ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಲು ಅವಳಿಗೇ ಹೇಳಿದೆ. ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಎದುರಿಗೆ ಬಂತು. "ಇದರಲ್ಲಿ ಹದಿನೇಳು ನನಗೆ ಕೊಡು." ಎರಡೂ ಬಿಡಿ ಕಡ್ಡಿ ಕೊಟ್ಟಳು, ಸಾಲಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ಆಮೇಲೆ ತಾನಾಗಿಯೇ ಒಂದು ಕಟ್ಟಿನ ರಬ್ಬರ್ ಬಿಚ್ಚಿ ಇನ್ನೂ ಐದು ಕೊಟ್ಟಳು, ಮೇಲೊಂದು ಇಡೀ ಕಟ್ಟು ಕೊಟ್ಟಳು. ಉಳಿದದ್ದು ಎರಡು ಕಟ್ಟು, ಐದು ಬಿಡಿ, ಅಂದರೆ 25. ದಯವಿಟ್ಟು ಗಮನಿಸಿ, ರಬ್ಬರ್ ಬಿಚ್ಚಿದ್ದು ಅವಳ ಕೈ. ಟೀಚರ್ ಮೇಜಿನ ಮೇಲೆ ಬಿಚ್ಚಿ ತೋರಿಸಿದರೆ ಮಗುವಿಗೆ ಅದು ಬರೀ ನೋಟ.

ಹತ್ತರ ನೋಟು, ಒಂದು ರೂಪಾಯಿ ನಾಣ್ಯ ಸಾಲದೇ ಎಂದು ಕೇಳುವವರಿದ್ದಾರೆ. ಶುರುವಿಗೆ ಬೇಡ. ನೋಟನ್ನು ಬಿಚ್ಚಲಾಗುವುದಿಲ್ಲ, ಅದರೊಳಗೆ ಹತ್ತು ಒಂದುಗಳು ಕಾಣುವುದಿಲ್ಲ.

ಎರಡನೆಯದು ಚಿತ್ರ. ಕಟ್ಟಿಗೆ ಉದ್ದ ಗೆರೆ, ಬಿಡಿಗೆ ಚುಕ್ಕೆ. ಒಂದು ಗೆರೆ ಹೊಡೆದುಹಾಕಿ ಹತ್ತು ಚುಕ್ಕೆ ಇಡುವುದು, ಅಷ್ಟೇ. ಪುಸ್ತಕದಲ್ಲಿ ಅಚ್ಚಾದ ಚಿತ್ರ ತೋರಿಸಿ ಮುಗಿಸಬೇಡಿ, ತನ್ನ ಕೈ ಮಾಡಿದ್ದನ್ನೇ ಮಗು ಬಿಡಿಸಲಿ. ಆಮೇಲೆ ಅದರ ಪಕ್ಕದಲ್ಲೇ ಅಂಕಿ ಬರೆಸಿ: 4 ಹೊಡೆದು 3, ಬಿಡಿಯ ಮನೆಯಲ್ಲಿ 12.

ಇದು ಸಣ್ಣ ವಯಸ್ಸಿಗೆ ಮಾತ್ರ ಅಂದುಕೊಳ್ಳಬೇಡಿ. ದೊಡ್ಡ ಮಕ್ಕಳು ನೇರ ಅಂಕಿಯಿಂದಲೇ ಕಲಿಯಬಲ್ಲರು, ಆದರೆ 402ರಲ್ಲಿ 17 ಕಳೆಯುವಾಗ ಸೊನ್ನೆ ಎದುರಾಗಿ ಸಿಕ್ಕಿಬಿದ್ದರೆ ಹಿಂದಿರುಗಿ ನೋಡಲು ಮನಸ್ಸಿನಲ್ಲಿ ಚಿತ್ರವೇ ಇರುವುದಿಲ್ಲ.

ಸಮಯವಾಯಿತು ಎನ್ನುತ್ತಿದ್ದಾರೆ. ಕಡ್ಡಿ ಎತ್ತಿಡುವುದು ಯಾವಾಗ ಎಂದು ಹೇಳಿಬಿಡುತ್ತೇನೆ. 2ರ ಪಕ್ಕ ಬರೆದ ಆ ಪುಟ್ಟ 1 ತೋರಿಸಿ "ಇದೆಷ್ಟು?" ಎಂದು ಕೇಳಿ. "ಒಂದು" ಅಂದರೆ ಮತ್ತೆ ಕಡ್ಡಿ ಕೊಡಿ. "ಹತ್ತು" ಅಂದರೆ ಕಡ್ಡಿ ಎತ್ತಿಡಬಹುದು.